ಬೋರ್ಡಿನಲ್ಲಿ ಡಾಕ್ಟರ ಹೆಸರು, ಬಿಲ್ಲಿನಲ್ಲಿ ಇನ್ನೊಂದು: ಆಸ್ಪತ್ರೆಯ ನಿಜವಾದ ಮಾಲೀಕರನ್ನು ಪತ್ತೆ ಮಾಡೋದು ಹೇಗೆ?

ತುಂಗಾತೀರ
ಮಾವನವರ ಚಿಕಿತ್ಸೆಯ ಬಿಲ್ ಬಗ್ಗೆ ತಕರಾರಿದೆ, ಗ್ರಾಹಕ ಆಯೋಗಕ್ಕೆ ಹೋಗೋಣ ಅಂತಿದ್ದೇವೆ. ತೊಡಕು ಇಷ್ಟು: ಆಸ್ಪತ್ರೆಯ ಬೋರ್ಡಿನಲ್ಲಿ ಊರಿಗೆಲ್ಲ ಗೊತ್ತಿರುವ ಡಾಕ್ಟರ ಹೆಸರಿದೆ. ಒಳರೋಗಿ ಬಿಲ್ಲಿನಲ್ಲಿ "ಹೆಲ್ತ್‌ಕೇರ್" ಅಂತ ಮುಗಿಯುವ ಬೇರೆ ಹೆಸರು. ಮೆಡಿಕಲ್ ಶಾಪ್ ಬಿಲ್ಲಿನಲ್ಲಿ ಮೂರನೆಯದು. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ದೊಡ್ಡ ಲ್ಯಾಬ್ ಕಂಪನಿಯ ಲೋಗೋ. ಈಗ ಯಾವುದೋ ಬೆಂಗಳೂರಿನ ಫಂಡ್ ಇದನ್ನ ಕೊಂಡಿದೆ ಅಂತಲೂ ಸುದ್ದಿ. ದೂರಿನಲ್ಲಿ ಯಾರ ಹೆಸರು ಹಾಕಬೇಕು? ನಿಜಕ್ಕೂ ಯಾರದ್ದು ಅಂತ ತಿಳಿಯೋದು ಹೇಗೆ?

ಹುಬ್ಳಿ_ಹಳೇಪ್ಯಾಟಿ
ಇದರಾಗ ತಲಿ ಕೆಡಿಸ್ಕೊಳ್ಳೋದೇನೂ ಇಲ್ರಿ. ಬಿಲ್ ಮ್ಯಾಲೆ ಜಿಎಸ್‌ಟಿ ನಂಬರ್ ಇರ್ತದ, ಹದಿನೈದು ಅಕ್ಷರದ್ದು. ಮೊದಲ ಎರಡು ರಾಜ್ಯದ್ದು, ನಮ್ಮದು 29. ಮುಂದಿನ ಹತ್ತು ಅಂದ್ರ ಪಾನ್. ಹಂಗಾಗಿ ಒಟ್ಟು ನಂಬರಿನ ಆರನೇ ಅಕ್ಷರ ನೋಡ್ರಿ: P ಇದ್ರ ಒಬ್ಬ ವ್ಯಕ್ತಿದು, C ಇದ್ರ ಕಂಪನಿ, F ಇದ್ರ ಪಾಲುದಾರಿಕೆ, T ಇದ್ರ ಟ್ರಸ್ಟ್. `services.gst.gov.in` ಒಳಗ Search Taxpayer ಅಂತದ, ನಂಬರ್ ಹಾಕಿದ್ರ ಮಾಲಕನ ಹೆಸರು ಬಂತು. ಐದು ನಿಮಿಷದ ಕೆಲಸ.

ಕಡತಪ್ರಿಯ
ದಾರಿ ಸರಿ, ಆದರೆ ಈ ದಾರಿಯಲ್ಲೇ ಜನ ಎಡವುವುದು. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಬಹುತೇಕ ಜಿಎಸ್‌ಟಿ ವಿನಾಯಿತಿ ಇದೆ, ರಕ್ತಪರೀಕ್ಷೆಗೂ ಇದೆ. ವಿನಾಯಿತಿಯ ಸೇವೆ ಬಿಟ್ಟು ಬೇರೇನೂ ಮಾಡದವರು ನೋಂದಣಿ ಮಾಡಿಸಬೇಕಿಲ್ಲ. ಹಾಗಾಗಿ ಸಣ್ಣ ಲ್ಯಾಬಿನ ರಸೀದಿಯಲ್ಲಿ ನಂಬರ್ ಇಲ್ಲದಿದ್ದರೆ ಅದು ಕಳ್ಳ ಲ್ಯಾಬ್ ಎಂದು ಅರ್ಥವಲ್ಲ. ನಂಬರ್ ಹೆಚ್ಚಾಗಿ ಸಿಗುವುದು ಔಷಧಿ ಬಿಲ್ಲಿನಲ್ಲಿ, ಅಪಾಯ ಇರುವುದೂ ಅಲ್ಲೇ. ಆಸ್ಪತ್ರೆಯೊಳಗಿನ ಮೆಡಿಕಲ್ ಶಾಪನ್ನು ಎಷ್ಟೋ ಕಡೆ ಬೇರೆಯವರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಆ ನಂಬರ್ ಹಿಡಿದು ಹೋದರೆ ಔಷಧಿ ವ್ಯಾಪಾರಿಯ ಮನೆ ತಲುಪುತ್ತೀರಿ, ಆಸ್ಪತ್ರೆಯದ್ದಲ್ಲ. ತುಂಗಾತೀರ ಅವರ ಕೈಲಿರುವ ಮೂರನೆಯ ಹೆಸರು ಅದೇ ಇರಬಹುದು.

F ಅಂದರೆ ಪಾಲುದಾರಿಕೆ ಎನ್ನುವುದೂ ಅರ್ಧ ಸತ್ಯ, ಸೀಮಿತ ಹೊಣೆಯ ಪಾಲುದಾರಿಕೆ ಅಂದರೆ ಎಲ್‌ಎಲ್‌ಪಿಗೂ ಅದೇ ಅಕ್ಷರ. ಅಕ್ಷರ ಲೆಕ್ಕ ಹಾಕುವ ಬದಲು ಆ ಪುಟದಲ್ಲಿ Legal Name of Business, Trade Name, Constitution of Business ಎಂಬ ಮೂರು ಸಾಲು ನೋಡಿ. ಬೋರ್ಡಿನ ಹೆಸರು ಟ್ರೇಡ್ ನೇಮ್‌ನಲ್ಲಿರುತ್ತದೆ, ನಿಮಗೆ ಬೇಕಾದದ್ದು ಲೀಗಲ್ ನೇಮ್. ಅಲ್ಲೇ ನೋಂದಣಿಯ ದಿನಾಂಕವೂ ಇದೆ. ಇಪ್ಪತ್ತು ವರ್ಷದ ಆಸ್ಪತ್ರೆಗೆ ಕಳೆದ ವರ್ಷದ ನೋಂದಣಿ ಇದ್ದರೆ ಹಳೆಯ ಸಂಸ್ಥೆಯಿಂದ ಹೊಸ ಸಂಸ್ಥೆಗೆ ವ್ಯವಹಾರ ದಾಟಿರಬಹುದು ಎಂಬ ಗುಮಾನಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನೀವು ಕೇಳಿದ್ದು ಒಂದು ಪ್ರಶ್ನೆಯಂತೆ ಕಂಡರೂ ಮೂರು ಇವೆ. ಬಿಲ್ ಕೊಟ್ಟು ಲೈಸೆನ್ಸ್ ಹಿಡಿದಿರುವ ಸಂಸ್ಥೆ ಯಾವುದು? ಆ ಸಂಸ್ಥೆಯ ಷೇರು ಯಾರ ಕೈಲಿದೆ? ತೀರ್ಮಾನ ಯಾರದ್ದು? ದೂರಿಗೆ ಮೊದಲನೆಯದು ಸಾಕು. ಉಳಿದೆರಡಕ್ಕೆ ಬೇರೆ ಕಡತ ಬೇಕು.

ಅಡ್ವೊಕೇಟ್_ದಾವಣಗೆರೆ
ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಕರ್ನಾಟಕದಲ್ಲಿ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಸಾಮಾನ್ಯವಾಗಿ ರಿಸೆಪ್ಷನ್ ಹಿಂದೆಯೋ ಬಿಲ್ಲಿಂಗ್ ಕೌಂಟರ್ ಪಕ್ಕದಲ್ಲೋ ಇರುತ್ತದೆ, ಫೋಟೋ ತೆಗೆದುಕೊಳ್ಳಿ. ಕಾಣಿಸದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂದಿದೆ. ಉದ್ದುದ್ದ ಕಥೆ ಬರೆದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ. "ಇಂತಹ ವಿಳಾಸದ ಸಂಸ್ಥೆಯ ನೋಂದಣಿ ಪ್ರಮಾಣಪತ್ರ ಮತ್ತು ಅರ್ಜಿಯಲ್ಲಿ ಮಾಲೀಕರೆಂದು ತೋರಿಸಿದ ಹೆಸರಿನ ದೃಢೀಕೃತ ಪ್ರತಿ" ಎಂದು ಕೇಳಿದರೆ ಆಯಿತು.

ಇನ್ನು ದೂರಿನಲ್ಲಿ ಹೆಸರು. ಕಂಪನಿಯಾದರೆ ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ಕಚೇರಿ ವಿಳಾಸ, ಜೊತೆಗೆ ಚಿಕಿತ್ಸೆ ನಡೆದ ಶಾಖೆಯ ವಿಳಾಸ. ಪಾಲುದಾರಿಕೆಯಾದರೆ ಸಂಸ್ಥೆಯ ಹೆಸರಿನಲ್ಲೇ ದಾವೆ ಹೂಡಬಹುದು. ಒಬ್ಬರದ್ದೇ ಮಾಲೀಕತ್ವವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 30, ನಿಯಮ 10 ಇದೆ: ಬೇರೆ ಹೆಸರಿನಲ್ಲಿ ವ್ಯವಹಾರ ಮಾಡುವವನ ಮೇಲೆ ಆ ಹೆಸರಿನಲ್ಲೇ ಹೋಗಬಹುದು. ಆದರೂ "ಮಾಲೀಕರು, ಇಂಥವರು" ಎಂದು ಸೇರಿಸುವುದೇ ಲೇಸು, ಆದೇಶ ಜಾರಿಯ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಚಿಕಿತ್ಸೆ ಕೊಟ್ಟ ಡಾಕ್ಟರ ಹೆಸರು ಬಿಟ್ಟುಹೋದರೆ ದೂರೇ ಬೀಳುತ್ತದೆಂದು ಹೆದರಬೇಡಿ. 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಆಸ್ಪತ್ರೆಯೇ ಉತ್ತರ ಕೊಡಬೇಕು ಎಂದಿತು. ಅವಧಿ ಮಾತ್ರ ಮರೆಯಬೇಡಿ, ಎರಡು ವರ್ಷ.

ಸೋಮವಾರದ_ಸಂತೆ
ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಗೊತ್ತಾಗುವುದಿಲ್ಲವೇ? ನಮ್ಮ ಬೀದಿಯ ಕ್ಲಿನಿಕ್ಕಿನವರು ಅಸಲಿ ಡಾಕ್ಟರೋ ಅಲ್ಲವೋ ಅಂತ ನಾವು ಹಾಗೇ ನೋಡಿದ್ದು.

ಕಡತಪ್ರಿಯ
ಅದು ವೈದ್ಯರ ಅರ್ಹತೆಗೆ ಸರಿ. ಆಸ್ಪತ್ರೆ ಯಾರದ್ದು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಬೋರ್ಡಿನಲ್ಲಿ ಹೆಸರಿರುವ ಡಾಕ್ಟರು ಈಗ ಅಲ್ಲಿ ಸಂಬಳಕ್ಕಿರಬಹುದು, ಕಟ್ಟಡದ ಬಾಡಿಗೆ ಮಾತ್ರ ತಗೊಳ್ಳುತ್ತಿರಬಹುದು.

ತುಂಗಾತೀರ
ಪ್ರಮಾಣಪತ್ರದ ಫೋಟೋ ಸಿಕ್ಕಿತು. ಬಿಲ್ಲಿನಲ್ಲಿದ್ದ ಹೆಸರೇ, ಕೊನೆಗೆ "ಪ್ರೈವೇಟ್ ಲಿಮಿಟೆಡ್". `mca.gov.in`ನಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆಗೆದೆ. ನಿರ್ದೇಶಕರ ಪಟ್ಟಿಯಲ್ಲಿ ಡಾಕ್ಟರು, ಅವರ ಪತ್ನಿ, ಮತ್ತಿಬ್ಬರು ಗೊತ್ತಿಲ್ಲದವರು. ಹಾಗಾದರೆ ಡಾಕ್ಟರದ್ದೇ ಅಂತಾಯಿತಲ್ಲ?

ಕಡತಪ್ರಿಯ
ದೂರಿಗೆ ನಿಮ್ಮ ಕೆಲಸ ಮುಗಿಯಿತು. ಮಾಲೀಕತ್ವಕ್ಕೆ ಇದು ಬಾಗಿಲು ಅಷ್ಟೇ. ಪುಕ್ಕಟೆ ಸಿಗುವ ಮಾಸ್ಟರ್ ಡೇಟಾದಲ್ಲಿ ನಿರ್ದೇಶಕರಿದ್ದಾರೆ, ಷೇರುದಾರರಿಲ್ಲ. ನಿರ್ದೇಶಕ ಒಂದು ಷೇರೂ ಇಲ್ಲದೆ ಇರಬಹುದು. ಆ ಗೊತ್ತಿಲ್ಲದ ಇಬ್ಬರ ಹೆಸರು ಬೇರೆ ಯಾವ್ಯಾವ ಕಂಪನಿಗಳಲ್ಲಿದೆ ಎಂದು ನೋಡಿ. ಐದಾರು ಊರಿನ ಆಸ್ಪತ್ರೆ, ಒಂದು ಶಾಲೆ, ಒಂದು ಗೋದಾಮು ಕಂಪನಿ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಪಟ್ಟಿ ಬಂದರೆ ಅವರು ಹೂಡಿಕೆದಾರರ ಪರವಾಗಿ ಕೂತವರು ಎಂದು ಬಹುಪಾಲು ಊಹಿಸಬಹುದು.

ಈಗ 100 ರೂಪಾಯಿ ಕಟ್ಟಿ. ಅದೇ ತಾಣದಲ್ಲಿ View Public Documents ಎಂಬಲ್ಲಿ ಒಂದು ಕಂಪನಿಯ ಕಡತಗಳನ್ನು ತೆರೆಯಬಹುದು. ನೋಡುವ ಅವಧಿಗೆ ಮಿತಿ ಇದೆ, ಆದ್ದರಿಂದ ಬೇಕಾದದ್ದನ್ನು ಮೊದಲು ಇಳಿಸಿಕೊಂಡು ಆಮೇಲೆ ಓದಿ.

ಮೊದಲು MGT-7, ವಾರ್ಷಿಕ ವಿವರಪಟ್ಟಿ. ಅದರಲ್ಲಿ ಪ್ರವರ್ತಕರ ಪಾಲು, ಹಿಡುವಳಿ ಕಂಪನಿ ಯಾವುದು, ಲಗತ್ತಿನಲ್ಲಿ ಷೇರುದಾರರ ಹೆಸರು. ಬಹಳ ಜನ ಇಲ್ಲಿ ನಿಂತುಬಿಡುತ್ತಾರೆ, ಮೋಸ ಹೋಗುವುದೂ ಇಲ್ಲೇ. ಒಂದು ಲೆಕ್ಕ ನೋಡಿ, ಅಂಕಿ ನಾನೇ ಹಾಕಿದ್ದು. ಕಂಪನಿಯಲ್ಲಿ 10,00,000 ಈಕ್ವಿಟಿ ಷೇರು. ಡಾಕ್ಟರ ಕುಟುಂಬದ ಹತ್ತಿರ 9,99,900. ಫಂಡ್ ಹತ್ತಿರ ಬರೀ 100. ಈಕ್ವಿಟಿ ಪಟ್ಟಿ ನೋಡಿದವರು "ಪೂರ್ತಿ ಡಾಕ್ಟರದ್ದೇ" ಎನ್ನುತ್ತಾರೆ. ಆದರೆ ಅದೇ ಫಂಡ್ ಹತ್ತಿರ ಕಡ್ಡಾಯವಾಗಿ ಈಕ್ವಿಟಿಯಾಗಿ ಬದಲಾಗಲೇಬೇಕಾದ 13,00,000 ಪ್ರಿಫರೆನ್ಸ್ ಷೇರುಗಳಿವೆ, ಒಂದಕ್ಕೆ ಒಂದು. ಬದಲಾದ ದಿನ ಒಟ್ಟು 23,00,000, ಅದರಲ್ಲಿ ಫಂಡಿನದು 13,00,100, ಅಂದರೆ ನೂರಕ್ಕೆ 56.5. ಡಾಕ್ಟರಿಗೆ ಉಳಿದದ್ದು 43.5. ಖಾಸಗಿ ಕಂಪನಿಯಲ್ಲಿ ಆಂತರಿಕ ನಿಯಮಾವಳಿ ಒಪ್ಪಿದರೆ ಬದಲಾಗುವ ಮೊದಲೇ ಬದಲಾದಂತೆ ಲೆಕ್ಕ ಹಾಕಿ ಮತ ಕೊಡಬಹುದು. ಆದ್ದರಿಂದ ಪ್ರಿಫರೆನ್ಸ್ ಷೇರಿನ ಸಾಲು ನೋಡದೆ ತೀರ್ಮಾನಕ್ಕೆ ಬರಬೇಡಿ. ಈ ಪ್ರಿಫರೆನ್ಸ್ ಷೇರು ಯಾರಿಗೆ, ಯಾವ ದರಕ್ಕೆ ಹೋಯಿತು ಎಂಬುದು PAS-3ರಲ್ಲಿ ಇರುತ್ತದೆ. ಬದಲಾವಣೆಯ ಅನುಪಾತ AOC-4 ಜೊತೆಗಿನ ಲೆಕ್ಕಪತ್ರದ ಷೇರು ಬಂಡವಾಳದ ಟಿಪ್ಪಣಿಯಲ್ಲಿ. ಕೆಲವೊಮ್ಮೆ ಅನುಪಾತ ಒಂದಕ್ಕೆ ಒಂದು ಇರುವುದಿಲ್ಲ, ಲಾಭದ ಗುರಿ ಮುಟ್ಟದಿದ್ದರೆ ಫಂಡಿಗೆ ಹೆಚ್ಚು ಷೇರು ಎಂದಿರುತ್ತದೆ. ಆಗ ಇವತ್ತಿನ ಶೇಕಡಾವಾರು ಯಾರೂ ಖಚಿತವಾಗಿ ಹೇಳಲಾರರು.

ಮೂರನೆಯ ಪ್ರಶ್ನೆಗೆ, ಅಂದರೆ ತೀರ್ಮಾನ ಯಾರದ್ದು ಎಂಬುದಕ್ಕೆ, MGT-14 ಹುಡುಕಿ. ಹೂಡಿಕೆ ಬಂದಾಗ ಆಂತರಿಕ ನಿಯಮಾವಳಿಯನ್ನು ತಿದ್ದುತ್ತಾರೆ, ತಿದ್ದಿದ ಪ್ರತಿಯನ್ನು ಇದರೊಂದಿಗೆ ಲಗತ್ತಿಸುತ್ತಾರೆ. ಐವತ್ತು ಅರವತ್ತು ಪುಟ ಇರಬಹುದು. ಆರಂಭದಲ್ಲೇ "ಹೂಡಿಕೆದಾರ", "ಪ್ರವರ್ತಕ" ಎಂದರೆ ಯಾರು ಎಂದು ಹೆಸರಿಟ್ಟು ಬರೆದಿರುತ್ತದೆ. ಆಮೇಲೆ ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಮಾಡಬಾರದ ಕೆಲಸಗಳ ಪಟ್ಟಿ: ಬಜೆಟ್, ಮುಖ್ಯಾಧಿಕಾರಿಯ ನೇಮಕ, ಹೊಸ ಸಾಲ, ಆಸ್ತಿ ಮಾರಾಟ. ನಿರ್ದೇಶಕ ಮಂಡಳಿಯಲ್ಲಿ ಯಾರಿಗೆ ಎಷ್ಟು ಸ್ಥಾನ ಎಂಬುದೂ ಅಲ್ಲೇ. ನನ್ನನ್ನು ಕೇಳಿದರೆ ಇಡೀ ಕಡತದಲ್ಲಿ ಓದಲೇಬೇಕಾದ ಒಂದು ದಾಖಲೆ ಅಂದರೆ ಇದು. ಷೇರು ನೂರಕ್ಕೆ 30 ಇದ್ದು ಚುಕ್ಕಾಣಿ ಪೂರ್ತಿ ಕೈಲಿರುವ ಫಂಡುಗಳಿವೆ.

ಹುಬ್ಳಿ_ಹಳೇಪ್ಯಾಟಿ
ಎಲ್‌ಎಲ್‌ಪಿ ಇದ್ರ?

ಕಡತಪ್ರಿಯ
ಅದು ಸುಲಭ. Form 11 ವಾರ್ಷಿಕ ವಿವರಪಟ್ಟಿಯಲ್ಲಿ ಪಾಲುದಾರರ ಹೆಸರು, ಯಾರು ಎಷ್ಟು ಹಾಕಿದ್ದಾರೆ ಎರಡೂ ಇರುತ್ತವೆ. ನಾಲ್ಕೈದು ಡಾಕ್ಟರು ಸೇರಿ ಮಾಡಿದ ಸ್ಕ್ಯಾನ್ ಸೆಂಟರುಗಳು ಬಹಳ ಕಡೆ ಈ ರೂಪದಲ್ಲೇ ಇವೆ. ಹಾಕಿದ ಬಂಡವಾಳ ಮತ್ತು ಲಾಭದ ಪಾಲು ಒಂದೇ ಇರಬೇಕೆಂದಿಲ್ಲ, ಅದು ಅವರ ಒಪ್ಪಂದದ ವಿಷಯ.

ಷೇರುಗಟ್ಟೆ
ಪೇಟೆಯಲ್ಲಿ ಪಟ್ಟಿಯಾದ ಕಂಪನಿಯಾದರೆ ನೂರು ರೂಪಾಯಿಯೂ ಬೇಡ. ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರು ಹಂಚಿಕೆ ವಿವರ ಬಿಎಸ್‌ಇ, ಎನ್‌ಎಸ್‌ಇ ತಾಣದಲ್ಲಿ ಬರುತ್ತದೆ. ಒಂದು ಉದಾಹರಣೆ ಕೆಳಗಿನಿಂದ ಮೇಲಕ್ಕೆ ಹತ್ತೋಣ. ನಿಮ್ಮ ಬಡಾವಣೆಯಲ್ಲಿ ಅಜಿಲಸ್ ಲ್ಯಾಬ್ ಇದೆ ಅಂದುಕೊಳ್ಳಿ, ಮೊದಲು ಇದನ್ನೇ ಎಸ್‌ಆರ್‌ಎಲ್ ಅನ್ನುತ್ತಿದ್ದರು, 2023ರಲ್ಲಿ ಹೆಸರು ಬದಲಾಯಿತು. ಬಿಲ್ಲಿನ ಸಂಸ್ಥೆ ಅಜಿಲಸ್ ಡಯಾಗ್ನೋಸ್ಟಿಕ್ಸ್ ಲಿಮಿಟೆಡ್. ಇದರ ಹಿಡುವಳಿ ಕಂಪನಿ ಫೋರ್ಟಿಸ್ ಹೆಲ್ತ್‌ಕೇರ್ ಲಿಮಿಟೆಡ್. ಫೋರ್ಟಿಸ್ ಷೇರು ಹಂಚಿಕೆ ತೆರೆದು ಪ್ರವರ್ತಕರ ಸಾಲು ನೋಡಿದರೆ ಡಾಕ್ಟರ ಹೆಸರಿಲ್ಲ, Northern TK Venture Pte Ltd ಎಂಬ ಸಿಂಗಪುರದ ಕಂಪನಿ ಇದೆ. 2018ರ ನವೆಂಬರಿನಲ್ಲಿ ಹೊಸ ಷೇರು ಪಡೆದು ನೂರಕ್ಕೆ 31ರಷ್ಟು ಪಾಲಿನೊಂದಿಗೆ ಒಳಬಂದದ್ದು ಅದು. ಅದರ ಮೇಲೆ ಮಲೇಷ್ಯಾದ ಐಎಚ್‌ಎಚ್ ಹೆಲ್ತ್‌ಕೇರ್ ಬರ್ಹಾಡ್. ಅದು ಮಲೇಷ್ಯಾ, ಸಿಂಗಪುರ ಎರಡೂ ಪೇಟೆಯಲ್ಲಿರುವುದರಿಂದ ವಾರ್ಷಿಕ ವರದಿ ಬಹಿರಂಗ. ಅಲ್ಲಿನ ದೊಡ್ಡ ಷೇರುದಾರರು ಜಪಾನಿನ ಮಿತ್ಸುಯಿ ಮತ್ತು ಮಲೇಷ್ಯಾ ಸರ್ಕಾರದ ಹೂಡಿಕೆ ಸಂಸ್ಥೆ ಖಜಾನಾ. ರಕ್ತ ಕೊಟ್ಟದ್ದು ನಮ್ಮ ಬೀದಿಯಲ್ಲಿ, ಸರಪಳಿಯ ತುದಿ ಟೋಕಿಯೊ, ಕೌಲಾಲಂಪುರದಲ್ಲಿ.

ಫೋರ್ಟಿಸ್ ಇನ್ನೂ ಒಂದಕ್ಕೆ ಉದಾಹರಣೆ. 2019ರ ಜನವರಿಯವರೆಗೆ ಅದರ ಎಷ್ಟೋ ಆಸ್ಪತ್ರೆಗಳ ಸ್ವತ್ತು ಸಿಂಗಪುರದ ಪೇಟೆಯಲ್ಲಿ ಪಟ್ಟಿಯಾಗಿದ್ದ ಆರ್‌ಎಚ್‌ಟಿ ಹೆಲ್ತ್ ಟ್ರಸ್ಟಿನ ಕೈಲಿತ್ತು. ಚಿಕಿತ್ಸೆ ನಡೆಸುವವರು ಬೇರೆ, ಕಟ್ಟಡದವರು ಬೇರೆ. ಪಹಣಿ, ಖಾತೆ ತೆಗೆಸಿ "ಆಸ್ಪತ್ರೆ ಮಾಲೀಕ ಸಿಕ್ಕ" ಅನ್ನುವವರು ಇದನ್ನು ನೆನಪಿಡಬೇಕು.

ಥೈರೋಕೇರ್ ಕೂಡ ನೋಡಿ. ಜನರ ಬಾಯಲ್ಲಿ ಇನ್ನೂ ಸ್ಥಾಪಕರದ್ದೇ. 2021ರಲ್ಲಿ ನೂರಕ್ಕೆ 66 ಪಾಲು ಫಾರ್ಮ್‌ಈಸಿಯ ಮಾತೃಸಂಸ್ಥೆ ಎಪಿಐ ಹೋಲ್ಡಿಂಗ್ಸ್ ಕಡೆ ಹೋಯಿತು. ಕೊಂಡದ್ದು ಮಾತ್ರ ಡೋಕಾನ್ ಟೆಕ್ನಾಲಜೀಸ್ ಹೆಸರಿನಲ್ಲಿ. ಆ ಹೆಸರು ಕೇಳದವರು ಪ್ರವರ್ತಕರ ಸಾಲು ನೋಡಿದರೂ ಅದು ಫಾರ್ಮ್‌ಈಸಿ ಬಳಗದ್ದು ಅಂತ ಹೊಳೆಯುವುದಿಲ್ಲ.

ಹುಬ್ಳಿ_ಹಳೇಪ್ಯಾಟಿ
ಮಣಿಪಾಲ್ ಆಸ್ಪತ್ರಿ ಅಂತೂ ಪೈ ಅವರದ್ದ ಅಲ್ಲೇನ್ರಿ? ಅದರಾಗೂ ಡೌಟ್ ಹಚ್ಚಬ್ಯಾಡ್ರಿ.

ಷೇರುಗಟ್ಟೆ
ಹಚ್ಚಲೇಬೇಕಾಗಿದೆ. 2023ರ ಏಪ್ರಿಲ್‌ನಲ್ಲಿ ಘೋಷಣೆಯಾದ ವ್ಯವಹಾರದ ಪ್ರಕಾರ ಸಿಂಗಪುರದ ಟೆಮಾಸೆಕ್ ಪಾಲು ಸುಮಾರು 59, ಪೈ ಕುಟುಂಬದ್ದು ಸುಮಾರು 30, ಟಿಪಿಜಿಯದ್ದು 11. ಕಂಪನಿ ಮಣಿಪಾಲ್ ಹೆಲ್ತ್ ಎಂಟರ್‌ಪ್ರೈಸಸ್. ಅತ್ತ ನಾರಾಯಣ ಹೃದಯಾಲಯ 2016ರಿಂದ ಷೇರುಪೇಟೆಯಲ್ಲಿದೆ, ಆದರೂ ಅರ್ಧಕ್ಕಿಂತ ಹೆಚ್ಚು ಪಾಲು ಡಾ. ದೇವಿ ಶೆಟ್ಟಿ ಅವರ ಪ್ರವರ್ತಕ ಗುಂಪಿನಲ್ಲೇ ಇದೆ. ಪೇಟೆಗೆ ಬಂದದ್ದೆಲ್ಲ ಹೂಡಿಕೆದಾರರದ್ದು, ಬರದೇ ಇರುವುದೆಲ್ಲ ಕುಟುಂಬದ್ದು ಅಂತ ಹಿಡಿದರೆ ಎರಡೂ ಕಡೆ ತಪ್ಪುತ್ತೀರಿ.

ಲ್ಯಾಬ್_ಹಾಸನ
ಲ್ಯಾಬ್ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ದೊಡ್ಡ ಹೆಸರಿನ ಬೋರ್ಡಿದ್ದರೂ ನಮ್ಮ ಊರುಗಳಲ್ಲಿ ಬಹುಪಾಲು ಕಲೆಕ್ಷನ್ ಸೆಂಟರ್ ಫ್ರಾಂಚೈಸಿ. ಅಂಗಡಿ, ಹುಡುಗರು, ಫ್ರಿಜ್ ಎಲ್ಲ ಸ್ಥಳೀಯರದ್ದು. ಸ್ಯಾಂಪಲ್ ಮಾತ್ರ ಸಂಜೆ ಬಸ್ಸಿಗೋ ಕೊರಿಯರ್‌ಗೋ ಹೋಗುತ್ತದೆ. ಟ್ಯೂಬ್ ಬಿಸಿಯಾಗಿ ರಕ್ತ ಒಡೆದು ಪೊಟ್ಯಾಸಿಯಂ ಸುಳ್ಳೇ ಏರಿ ಬಂದರೆ ಹೊಣೆ ಯಾರದ್ದು ಅನ್ನೋ ಜಗಳ ಇಲ್ಲಿಂದಲೇ ಶುರು. ಹಣ ಕಟ್ಟಿದ ರಸೀದಿ ಯಾರ ಹೆಸರಿನಲ್ಲಿದೆ, ರಿಪೋರ್ಟಿನ ಕೆಳಗೆ ಪರೀಕ್ಷೆ ನಡೆದ ಜಾಗ ಎಂದು ಯಾವ ವಿಳಾಸ ಇದೆ, ಎರಡನ್ನೂ ಇಟ್ಟುಕೊಳ್ಳಿ. ಎನ್‌ಎಬಿಎಲ್ ಮಾನ್ಯತೆ ಆ ಪರೀಕ್ಷೆ ನಡೆಯುವ ವಿಳಾಸಕ್ಕೆ, ಅಲ್ಲಿನ ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ ಮಾತ್ರ, ಬ್ರ್ಯಾಂಡಿಗೆ ಅಲ್ಲ.

ಇದರ ತಿರುಗು ಕೂಡ ಇದೆ. ಡಾಕ್ಟರ ಆಸ್ಪತ್ರೆಯೊಳಗಿನ ಲ್ಯಾಬನ್ನು ಲ್ಯಾಬ್ ಕಂಪನಿ ನಡೆಸುತ್ತದೆ, ವರಮಾನ ಹಂಚಿಕೊಳ್ಳುತ್ತಾರೆ. ಬಿಲ್ ಆಸ್ಪತ್ರೆಯದ್ದು, ರಿಪೋರ್ಟ್ ಕಂಪನಿಯದ್ದು. ತುಂಗಾತೀರ ಅವರದ್ದು ಇದೇ ಇರಬೇಕು.

ಅಡ್ವೊಕೇಟ್_ದಾವಣಗೆರೆ
ಹಾಗಿದ್ದರೆ ತಕರಾರು ಪರೀಕ್ಷೆಯ ಮೇಲಿದ್ದಾಗ ಮಾತ್ರ ಲ್ಯಾಬ್ ಕಂಪನಿಯನ್ನು ಎರಡನೇ ಎದುರುದಾರರಾಗಿ ಸೇರಿಸಿ. ಬರೀ ಬಿಲ್ಲಿನ ಜಗಳಕ್ಕೆ ಎಲ್ಲರನ್ನೂ ಎಳೆದರೆ ಒಬ್ಬೊಬ್ಬರಿಗೂ ನೋಟಿಸ್ ತಲುಪಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಫಂಡ್ ಅಥವಾ ವಿದೇಶಿ ಹಿಡುವಳಿ ಕಂಪನಿಯನ್ನಂತೂ ಸೇರಿಸಬೇಡಿ. ಷೇರುದಾರ ಬೇರೆ, ಕಂಪನಿ ಬೇರೆ ಎಂದು ಮೊದಲ ದಿನವೇ ಬಿಡುಗಡೆ ಕೇಳುತ್ತಾರೆ.

ಕಾಪು_ಕಡಲು
ಫಂಡಿನ ಹಿಂದೆ ಯಾರು ಅಂತ BEN-2 ನೋಡಿದರೆ ಸಿಗುತ್ತದಲ್ಲ ಮಾರಾಯ್ರೆ? ನೂರಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರ ನಿಜವಾದ ಹೆಸರು ಕೊಡಬೇಕು ಅಂತ ಕಂಪನಿ ಕಾಯ್ದೆಯ 90ನೇ ಕಲಮು ಉಂಟು.

ಕಡತಪ್ರಿಯ
ಉಂಟು, ಆದರೆ ನೀವು ನಿರೀಕ್ಷಿಸಿದ ಹೆಸರು ಸಿಗುವುದು ಅಪರೂಪ. ಸೆಬಿಯಲ್ಲಿ ನೋಂದಾಯಿತವಾದ ಫಂಡಿನ ಪಾಲಿಗೆ ಆ ನಿಯಮವೇ ಅನ್ವಯಿಸುವುದಿಲ್ಲ. ವಿದೇಶಿ ಫಂಡಾದರೆ ಎಷ್ಟೋ ಸಲ ಅದನ್ನು ನಿರ್ವಹಿಸುವ ಸಂಸ್ಥೆಯ ಮುಖ್ಯಾಧಿಕಾರಿಯನ್ನೇ ಅಂತಿಮ ಫಲಾನುಭವಿ ಎಂದು ತೋರಿಸಬಹುದು. ಹಣ ಹಾಕಿದ ಪಿಂಚಣಿ ನಿಧಿಗಳು, ಶ್ರೀಮಂತರು ಅಲ್ಲಿ ಕಾಣುವುದಿಲ್ಲ. BEN-2 ನಿಜಕ್ಕೂ ಉಪಯೋಗಕ್ಕೆ ಬರುವುದು ಡಾಕ್ಟರ ಕುಟುಂಬ ಮೂರು ನಾಲ್ಕು ಸ್ವಂತ ಕಂಪನಿಗಳ ಮೂಲಕ ಷೇರು ಇಟ್ಟುಕೊಂಡಾಗ.

ಕಾಪು_ಕಡಲು
ಸರಿ. ನಮ್ಮ ಕಡೆ ಇನ್ನೊಂದು ನಮೂನೆ ಉಂಟು. ಆಸ್ಪತ್ರೆ ಟ್ರಸ್ಟಿನದ್ದು, ಕೆಪಿಎಂಇ ಪ್ರಮಾಣಪತ್ರವೂ ಟ್ರಸ್ಟಿನ ಹೆಸರಲ್ಲಿ. ನಡೆಸುವುದು ಮಾತ್ರ ಒಪ್ಪಂದ ಮಾಡಿಕೊಂಡ ಕಂಪನಿ. ಟ್ರಸ್ಟಿಗಳು ಮತ್ತು ಕಂಪನಿಯ ನಿರ್ದೇಶಕರು ಒಂದೇ ಮನೆಯವರು. ಇದು ಯಾರದ್ದು ಹೇಳಿ?

ಕಡತಪ್ರಿಯ
ಲೈಸೆನ್ಸ್ ಟ್ರಸ್ಟಿನದ್ದು. ಟ್ರಸ್ಟಿಗೆ ಷೇರು ಇಲ್ಲ, ಹಾಗಾಗಿ ನೂರಕ್ಕೆ ಎಷ್ಟು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಟ್ರಸ್ಟ್ ಡೀಡ್ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಟ್ರಸ್ಟಿಗಳನ್ನು ನೇಮಿಸುವ ಅಧಿಕಾರ ಯಾರಿಗೆ ಎಂಬ ಕಲಮು ಓದಿ. ಹಣ ಎತ್ತ ಹರಿಯುತ್ತದೆ ಎಂಬುದು ಕಂಪನಿಯ AOC-4ರಲ್ಲಿ, ಸಂಬಂಧಿತ ವ್ಯಕ್ತಿಗಳ ಜೊತೆಗಿನ ವ್ಯವಹಾರದ ಟಿಪ್ಪಣಿಯಲ್ಲಿ ಕಾಣುತ್ತದೆ: ಟ್ರಸ್ಟಿನಿಂದ ಬಂದ ನಿರ್ವಹಣಾ ಶುಲ್ಕ, ಉಪಕರಣ ಬಾಡಿಗೆ, ಔಷಧಿ ಸರಬರಾಜು.

ಅಡ್ವೊಕೇಟ್_ದಾವಣಗೆರೆ
ದೂರಾದರೆ ನಾನು ಇಬ್ಬರನ್ನೂ ಹಾಕುತ್ತೇನೆ.

ಕಡತಪ್ರಿಯ
ನಾನಾದರೆ ಲೈಸೆನ್ಸ್ ಇರುವವರನ್ನು ಮಾತ್ರ ಹಾಕಿ, ಒಪ್ಪಂದ ಅವರೇ ಹಾಜರುಪಡಿಸಲಿ ಅನ್ನುತ್ತೇನೆ.

ಅಡ್ವೊಕೇಟ್_ದಾವಣಗೆರೆ
ಆಮೇಲೆ ಟ್ರಸ್ಟ್ ಖಾತೆಯಲ್ಲಿ ದುಡ್ಡಿಲ್ಲ ಅಂದರೆ? ಜಾರಿ ಅರ್ಜಿ ಹಾಕಿದವರಿಗೇ ಗೊತ್ತು ಆ ಪಾಡು.

ತುಂಗಾತೀರ
ನೂರು ರೂಪಾಯಿ ಕಟ್ಟಿ ಕಡತ ಇಳಿಸಿಕೊಂಡೆ. MGT-7ರಲ್ಲಿ ಡಾಕ್ಟರ ಕುಟುಂಬ ಅಂತಲೇ ಇದೆ. ಆದರೆ ಎರಡು ವರ್ಷದ ಹಿಂದಿನ PAS-3 ಒಂದಿದೆ, ಪ್ರಿಫರೆನ್ಸ್ ಷೇರು, ಪಡೆದವರು ಮಾರಿಷಸ್ ವಿಳಾಸದ ಕಂಪನಿ. ಮಾವನವರನ್ನು ಸೇರಿಸಿದ್ದು ಅದಕ್ಕೂ ಮೂರು ತಿಂಗಳ ಮೊದಲು. ಎದುರುದಾರರ ಹೆಸರು ಬದಲಾಗುತ್ತದೆಯೇ?

ಅಡ್ವೊಕೇಟ್_ದಾವಣಗೆರೆ
ಷೇರು ಯಾರ ಕೈಗೆ ಹೋದರೂ ಕಂಪನಿ ಅದೇ, ಹೊಣೆಯೂ ಅದರದ್ದೇ, ಹೆಸರು ಬದಲಾಗುವುದಿಲ್ಲ. ವ್ಯವಹಾರವನ್ನೇ ಇನ್ನೊಂದು ಕಂಪನಿಗೆ ವರ್ಗಾಯಿಸಿದ್ದರೆ ಮಾತ್ರ ಬಿಲ್ ಕೊಟ್ಟ ಹಳೆಯ ಕಂಪನಿ, ಕೊಂಡ ಹೊಸ ಕಂಪನಿ ಎರಡನ್ನೂ ಹಾಕಬೇಕಿತ್ತು. ಆದರೆ ನೀವು ಹೇಳಿದ ದಿನ ಲೆಕ್ಕ ಹಾಕಿದರೆ ಚಿಕಿತ್ಸೆಯಾಗಿ ಎರಡು ವರ್ಷ ಮೀರಿದೆ. ಬಿಡುಗಡೆಯ ದಿನಾಂಕ, ಅಂತಿಮ ಬಿಲ್ಲಿನ ದಿನಾಂಕ, ನಿಮ್ಮ ತಕರಾರಿಗೆ ಅವರು ಕೊಟ್ಟ ಉತ್ತರದ ದಿನಾಂಕ ತೆಗೆದಿಟ್ಟುಕೊಂಡು ಇದೇ ವಾರ ಯಾರಾದರೂ ವಕೀಲರನ್ನು ನೋಡಿ. ದೂರಿನ ಜೊತೆ ವಿಳಂಬ ಮನ್ನಾ ಅರ್ಜಿಯೂ ಬೇಕಾಗಬಹುದು, ಅದರಲ್ಲಿ ತಡವಾದ ಒಂದೊಂದು ಹಂತಕ್ಕೂ ಕಾರಣ ಬರೆಯಬೇಕು.